ಚಿನ್ನ ಎಲ್ಲೆಲ್ಲಿ ಸವೆಯುತ್ತದೆ?

ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ನಗರ್ತಪೇಟೆಯ ಕಡೆ ಹೋಗುವ ಗಲ್ಲಿಗಳಲ್ಲಿ ಹಳೆಯ ಚಿನ್ನ ಕೊಳ್ಳುವ ಅಂಗಡಿಗಳಿವೆ. ಯಾವ ದಿನ ಹೋಗಿ ನಿಂತರೂ ಅಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಮಾತುಕತೆ ಕೇಳಿಸುತ್ತದೆ. ಮಗನ ಜೊತೆ ಬಂದ ತಾಯಿ ಪರ್ಸಿನಿಂದ ಪುಟ್ಟ ಡಬ್ಬಿ ತೆಗೆಯುತ್ತಾಳೆ. ಒಳಗೆ ಗುಲಾಬಿ ಬಣ್ಣದ ಕಾಗದದಲ್ಲಿ ಸುತ್ತಿಟ್ಟ ಎರಡೆಳೆ ಸರ, ಜೊತೆಗೆ ಮಡಚಿ ಮಡಚಿ ಹರಿಯುವಂತಾದ ಹಳೆಯ ಬಿಲ್ಲು. ಬಿಲ್ಲಿನಲ್ಲಿ 24 ಗ್ರಾಂ ಎಂದಿದೆ. ತಕ್ಕಡಿ 23.6 ತೋರಿಸುತ್ತದೆ. ಆಮೇಲೆ ಸರ ‘ಕ್ಯಾರೆಟ್ ಮೀಟರ್’ ಯಂತ್ರದೊಳಗೆ ಹೋಗುತ್ತದೆ. ಅರ್ಧ ನಿಮಿಷದಲ್ಲಿ ಅಂಕಿ ಬರುತ್ತದೆ: 88.

“ಅಮ್ಮಾ, ಬೆಸುಗೆ ಜಾಸ್ತಿ ಇದೆ. ಆಗಿನ ಕಾಲದ ಮಾಲು ಎಲ್ಲ ಹಿಂಗೇ ಬರೋದು” ಎನ್ನುತ್ತಾನೆ ಅಂಗಡಿಯವನು.

ಅವನು ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ. 22 ಕ್ಯಾರೆಟ್ ಅಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ. ಆ ಲೆಕ್ಕದಲ್ಲಿ 24 ಗ್ರಾಂ ಸರದಲ್ಲಿ ಸುಮಾರು 22 ಗ್ರಾಂ ಅಪರಂಜಿ ಇರಬೇಕಿತ್ತು. ಈಗ ಸಿಕ್ಕಿದ್ದು 20.8 ಗ್ರಾಂ. ಕೊಂಡ ದಿನ ಕೊಟ್ಟ ಮಜೂರಿ, ವೇಸ್ಟೇಜ್, ತೆರಿಗೆಗಳು ಈ ಲೆಕ್ಕಕ್ಕೇ ಬಂದಿಲ್ಲ. ಆದರೂ ತಾಯಿಯ ಮುಖದಲ್ಲಿ ಬೇಸರ ಕಾಣುವುದಿಲ್ಲ. ಮೂವತ್ತು ವರ್ಷದ ಹಿಂದೆ ಕೆಲವೇ ಸಾವಿರಕ್ಕೆ ಕೊಂಡ ಸರಕ್ಕೆ ಈಗ ಲಕ್ಷಗಳು ಬರುತ್ತಿವೆ. ಏರಿದ ಬೆಲೆಯ ಅಡಿಯಲ್ಲಿ ಸವೆದ ಚಿನ್ನ ಮರೆಯಾಗಿಬಿಡುತ್ತದೆ.

ಮನೆಯ ದೀರ್ಘಾವಧಿ ಉಳಿತಾಯದಲ್ಲಿ ಚಿನ್ನಕ್ಕೆ ಜಾಗ ಕೊಡುವವರು ನೋಡಬೇಕಾದದ್ದು ಈ ಸವೆತವನ್ನೇ. ಬೆಲೆ ಏರುವುದು, ಇಳಿಯುವುದು ಯಾರ ಕೈಯಲ್ಲೂ ಇಲ್ಲ. ಒಡವೆ, ನಾಣ್ಯ, ಇಟಿಎಫ್, ಬಾಂಡ್ ಎಲ್ಲಕ್ಕೂ ಅದು ಒಂದೇ. ಕೊಟ್ಟ ಹಣಕ್ಕೆ ಎಷ್ಟು ಗ್ರಾಂ ಬಂತು, ಇಪ್ಪತ್ತು ವರ್ಷದ ನಂತರ ಎಷ್ಟು ಗ್ರಾಂ ಉಳಿಯಿತು ಎಂಬುದು ಮಾತ್ರ ರೂಪದಿಂದ ರೂಪಕ್ಕೆ ಬದಲಾಗುತ್ತದೆ, ಮತ್ತು ಅದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಬಹುದು.

ಚಿನ್ನದ ಕೆಲಸ ಏನು?

ಮೊದಲು, ಚಿನ್ನವನ್ನು ಉಳಿತಾಯದಲ್ಲಿ ಇಡುವುದೇಕೆ ಎಂಬ ಪ್ರಶ್ನೆ. ಚಿನ್ನ ಬಡ್ಡಿ ಕೊಡುವುದಿಲ್ಲ, ಬಾಡಿಗೆ ತರುವುದಿಲ್ಲ. ಅದರ ಗುಣ ಬೇರೆ: ಉಳಿದವು ಬಿದ್ದಾಗ ಹಲವು ಸಲ ಅದು ನಿಂತಿರುತ್ತದೆ. 2007ರ ಕೊನೆಗೆ 20,287ರಲ್ಲಿದ್ದ ಸೆನ್ಸೆಕ್ಸ್ 2008ರ ಕೊನೆಗೆ 9,647ಕ್ಕೆ ಇಳಿಯಿತು. ಷೇರಿನಲ್ಲಿದ್ದ ಹಣ ಅರ್ಧಕ್ಕಿಂತ ಕಡಿಮೆಯಾಯಿತು. ಅದೇ ವರ್ಷ ಭಾರತದಲ್ಲಿ ಚಿನ್ನದ ಬೆಲೆ ಸುಮಾರು ಕಾಲು ಭಾಗ ಏರಿತು.

ಇದರಲ್ಲಿ ರೂಪಾಯಿಯ ಪಾತ್ರ ದೊಡ್ಡದು. ನಮ್ಮ ಅಂಗಡಿಯ ದರ ಹುಟ್ಟುವುದು ಮೂರು ಸಂಗತಿಗಳಿಂದ: ಲಂಡನ್ನಿನ ಡಾಲರ್ ಬೆಲೆ, ಡಾಲರಿಗೆ ಎಷ್ಟು ರೂಪಾಯಿ ಎಂಬುದು, ಮತ್ತು ಆಮದು ಸುಂಕ. ದೇಶಕ್ಕೆ ಬೇಕಾದ ಚಿನ್ನ ಬಹುಪಾಲು ಹೊರಗಿನಿಂದಲೇ ಬರುತ್ತದೆ. ಕೋಲಾರದ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ತೆಗೆಯುವ ಚಿನ್ನ ದೇಶದ ಬೇಡಿಕೆಯ ಮುಂದೆ ಚಿಟಿಕೆಯಷ್ಟು. ಆದ್ದರಿಂದ ರೂಪಾಯಿ ಸೋತಾಗಲೆಲ್ಲ ಮನೆಯಲ್ಲಿರುವ ಚಿನ್ನದ ರೂಪಾಯಿ ಬೆಲೆ ಏರುತ್ತದೆ. 2011ರ ಸೆಪ್ಟೆಂಬರಿನಲ್ಲಿ ಔನ್ಸಿಗೆ 1,900 ಡಾಲರ್ ಮುಟ್ಟಿದ್ದ ಚಿನ್ನ 2015ರ ಡಿಸೆಂಬರಿನಲ್ಲಿ 1,050ರ ಆಸುಪಾಸಿಗೆ ಕುಸಿಯಿತು. ಅಮೆರಿಕದವರಿಗೆ ಅದು ಶೇ. 40ಕ್ಕೂ ಹೆಚ್ಚಿನ ಪೆಟ್ಟು. ಅಷ್ಟರಲ್ಲಿ ಡಾಲರು 50 ರೂಪಾಯಿಗಿಂತ ಕೆಳಗಿನಿಂದ 66ಕ್ಕೆ ಏರಿತ್ತು, 2013ರಲ್ಲಿ ಸುಂಕ ಶೇ. 10ಕ್ಕೆ ಮುಟ್ಟಿತ್ತು. ಹಾಗಾಗಿ ನಮ್ಮವರಿಗೆ ಬಿದ್ದ ಏಟು ಅದಕ್ಕಿಂತ ಬಹಳ ಹಗುರ.

ಸುಂಕದ ಕತ್ತಿಗೆ ಎರಡೂ ಕಡೆ ಅಲಗಿದೆ. 2024ರ ಜುಲೈ 23ರ ಬಜೆಟ್ಟಿನಲ್ಲಿ ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿದಾಗ, ಹೊರದೇಶದಲ್ಲಿ ಏನೂ ಆಗದಿದ್ದರೂ ಇಲ್ಲಿ ಹತ್ತು ಗ್ರಾಮಿನ ಬೆಲೆ ಕೆಲವೇ ದಿನಗಳಲ್ಲಿ ಸಾವಿರಗಟ್ಟಲೆ ಕುಸಿಯಿತು.

ಚಿನ್ನ ಯಾವಾಗಲೂ ಏರುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. 2012ರಲ್ಲಿ ಹತ್ತು ಗ್ರಾಮಿಗೆ ಸುಮಾರು 31,000 ರೂಪಾಯಿ ಕೊಟ್ಟವರು 2018ರಲ್ಲಿ ಮತ್ತೆ ಅದೇ ಬೆಲೆ ನೋಡಿದರು. ನಡುವೆ ಒಂದು ಹಂತದಲ್ಲಿ ಅದು 25,000ಕ್ಕೆ ಇಳಿದಿತ್ತು. ಅದೇ 31,000ವನ್ನು ಶೇ. 8ರ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟಿದ್ದರೆ ಆರು ವರ್ಷದಲ್ಲಿ ತೆರಿಗೆಗೆ ಮುಂಚೆ 49,000 ಆಗುತ್ತಿತ್ತು. ಮಗನ ಕಾಲೇಜು ಫೀಸಿಗೆ 2015ರಲ್ಲಿ ಚಿನ್ನ ಮಾರಬೇಕಾಗಿ ಬಂದ ಕುಟುಂಬಕ್ಕೆ ಆಮೇಲಿನ ಏರಿಕೆಯಿಂದ ಏನೂ ದಕ್ಕಲಿಲ್ಲ. ಈ ಕಾರಣಕ್ಕೇ ಹಣಕಾಸು ಸಲಹೆಗಾರರು ಸಾಮಾನ್ಯವಾಗಿ ಒಟ್ಟು ಉಳಿತಾಯದಲ್ಲಿ ಶೇ. 5ರಿಂದ 15ರವರೆಗೆ ಮಾತ್ರ ಚಿನ್ನವಿರಲಿ ಎನ್ನುತ್ತಾರೆ. ಬೆಲೆ ಜಿಗಿದು ಪಾಲು ಮೀರಿದಾಗ ಸ್ವಲ್ಪ ಮಾರಿ ಬೇರೆಡೆ ಹಾಕುವುದು, ಕುಗ್ಗಿದಾಗ ಸ್ವಲ್ಪ ಕೊಳ್ಳುವುದು ಇದರ ಕ್ರಮ.

ಇಲ್ಲಿಯೇ ಒಡವೆಯ ತೊಡಕು ಎದುರಾಗುತ್ತದೆ. ಷೇರು ಅಗ್ಗವಾಯಿತೆಂದು ಯಾರೂ ಬಳೆ ಬಿಚ್ಚಿ ಮಾರುವುದಿಲ್ಲ, ಮಾಂಗಲ್ಯ ಸರವನ್ನಂತೂ ಮುಟ್ಟುವ ಮಾತೇ ಇಲ್ಲ. ದಿನನಿತ್ಯ ಕೊರಳಲ್ಲಿರುವ ಚಿನ್ನ ಮನೆಯ ಆಸ್ತಿಯೇನೋ ಹೌದು. ಆದರೆ ಏರಿದಾಗ ಮಾರಿ ಇಳಿದಾಗ ಕೊಳ್ಳುವ ಶೇ. 10ರ ಲೆಕ್ಕಕ್ಕೆ ಅದನ್ನು ಸೇರಿಸಿದರೆ ಕಾಗದದ ಮೇಲಿನ ಲೆಕ್ಕ ಸರಿಯಾಗಿ ಕಂಡೀತು, ಬೇಕಾದಾಗ ಕೈ ಆಡುವುದಿಲ್ಲ. ತೊಡುವ ಚಿನ್ನವನ್ನೂ ಉಳಿತಾಯದ ಚಿನ್ನವನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಬೇಕಾದದ್ದು ಅದಕ್ಕೇ.

ಒಂದು ಲಕ್ಷ, ಮೂರು ದಾರಿ

ಲೆಕ್ಕ ಸುಲಭವಾಗಲೆಂದು ಅಪರಂಜಿ ಗ್ರಾಮಿಗೆ 10,000 ರೂಪಾಯಿ ಎಂದುಕೊಳ್ಳೋಣ. ಇಂದಿನ ದರ ಬೇರೆ ಇರಬಹುದು, ಪ್ರಮಾಣ ಬದಲಾಗುವುದಿಲ್ಲ. ಕೈಯಲ್ಲಿ ಒಂದು ಲಕ್ಷವಿದೆ. ಖರ್ಚೇ ಇಲ್ಲದಿದ್ದರೆ 10 ಗ್ರಾಂ ಬರಬೇಕು.

ಮೊದಲು ಸರ. ಇದು 22 ಕ್ಯಾರೆಟ್ ಆದ್ದರಿಂದ ಗ್ರಾಮಿಗೆ 9,160 ರೂಪಾಯಿ. ಅದರ ಮೇಲೆ ಮಜೂರಿ ಮತ್ತು ವೇಸ್ಟೇಜ್ ಸೇರಿ ಶೇ. 12 ಎಂದು ಹಿಡಿದರೆ 10,259. ಇಡೀ ಮೊತ್ತಕ್ಕೆ ಶೇ. 3 ಜಿಎಸ್‌ಟಿ ಸೇರಿ 10,567. ಒಂದು ಲಕ್ಷಕ್ಕೆ ಬರುವುದು 9.46 ಗ್ರಾಮಿನ ಸರ, ಅದರೊಳಗಿನ ಅಪರಂಜಿ 8.67 ಗ್ರಾಂ. ಅಂಗಡಿಯ ಬಾಗಿಲು ದಾಟುವಷ್ಟರಲ್ಲಿ 1.33 ಗ್ರಾಂ ಹೋಯಿತು. ಮರುದಿನವೇ ಮಾರಿದರೆ ಕರಗಿಸುವ ಕಳೆತವೆಂದು ಶೇ. 2 ಹಿಡಿಯುತ್ತಾರೆ ಎನ್ನೋಣ. ಕೈಗೆ ಬರುವುದು 85,000 ರೂಪಾಯಿಯಷ್ಟು. ಸೂಕ್ಷ್ಮ ಕುಸುರಿಯ ದೇವಸ್ಥಾನ ಶೈಲಿಯ ಒಡವೆಗೆ ಮಜೂರಿ ಶೇ. 20 ದಾಟುವುದುಂಟು. ಶೇ. 22 ಮಜೂರಿಯ ಒಡವೆ ಕೊಂಡು ಮರಳಿ ಮಾರಿದರೆ ಉಳಿಯುವುದು 78,000.

ಎರಡನೆಯದು ನಾಣ್ಯ. ಇದು 24 ಕ್ಯಾರೆಟ್, ಕೆತ್ತನೆಯ ಕೆಲಸ ಕಡಿಮೆ. ತಯಾರಿ ಮತ್ತು ಪ್ಯಾಕಿಂಗಿಗೆ ಶೇ. 4, ಜಿಎಸ್‌ಟಿ ಶೇ. 3 ಹಿಡಿದರೆ ಲಕ್ಷಕ್ಕೆ 9.34 ಗ್ರಾಂ ಬರುತ್ತದೆ. ಮಾರುವಾಗ ಶೇ. 2 ಬಿಟ್ಟರೆ 91,500 ರೂಪಾಯಿ. ನಾಣ್ಯ ಚಿಕ್ಕದಾದಷ್ಟೂ ಗ್ರಾಮಿಗೆ ಬೀಳುವ ತಯಾರಿ ಖರ್ಚು ಹೆಚ್ಚು. ಒಂದು ಗ್ರಾಮಿನ ಹತ್ತು ನಾಣ್ಯಗಳಿಗಿಂತ ಹತ್ತು ಗ್ರಾಮಿನ ಒಂದು ನಾಣ್ಯ ಅಗ್ಗ. ಬ್ಯಾಂಕಿನಿಂದ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು: ಬ್ಯಾಂಕು ನಾಣ್ಯ ಮಾರುತ್ತದೆ, ಮರಳಿ ಕೊಳ್ಳುವುದಿಲ್ಲ. ಮಾರಲು ಕೊನೆಗೆ ಒಡವೆ ಅಂಗಡಿಗೇ ಹೋಗಬೇಕು.

ಮೂರನೆಯದು ಗೋಲ್ಡ್ ಇಟಿಎಫ್. ಭಾರತದ ಮೊದಲ ಗೋಲ್ಡ್ ಇಟಿಎಫ್ ‘ಗೋಲ್ಡ್ ಬೀಸ್’ 2007ರಲ್ಲಿ ಬಂತು. ಮ್ಯೂಚುಯಲ್ ಫಂಡ್ ಸಂಸ್ಥೆ ಹೂಡಿಕೆದಾರರ ಹಣದಿಂದ ಗಟ್ಟಿ ಚಿನ್ನ ಕೊಂಡು, ಸ್ವತಂತ್ರ ಕಸ್ಟೋಡಿಯನ್ನಿನ ತಿಜೋರಿಯಲ್ಲಿ ಇಟ್ಟು, ಅದರ ಪಾಲನ್ನು ಯೂನಿಟ್ಟುಗಳಾಗಿ ಷೇರುಪೇಟೆಯಲ್ಲಿ ವಹಿವಾಟಿಗೆ ಬಿಡುತ್ತದೆ. ಡಿಮ್ಯಾಟ್ ಖಾತೆ ಇದ್ದವರು ಷೇರಿನಂತೆಯೇ ಕೊಂಡು ಮಾರಬಹುದು. ಮಜೂರಿ ಇಲ್ಲ, ಬಿಲ್ಲಿನಲ್ಲಿ ಚಿನ್ನದ ಮೇಲಿನ ಜಿಎಸ್‌ಟಿ ಇಲ್ಲ. ದಲ್ಲಾಳಿ ಶುಲ್ಕ ಇತ್ಯಾದಿಗೆ ಶೇ. 0.2 ಹೋದರೆ ಲಕ್ಷಕ್ಕೆ 9.98 ಗ್ರಾಮಿನ ಯೂನಿಟ್ಟುಗಳು ಬರುತ್ತವೆ.

ಇಷ್ಟಕ್ಕೇ ನಿಲ್ಲಿಸಿದರೆ ಇಟಿಎಫ್ ಗೆದ್ದಂತೆ. ಅನೇಕ ಲೇಖನಗಳು ಇಲ್ಲಿಗೇ ಮುಗಿಯುತ್ತವೆ. ಆದರೆ ಇಟಿಎಫ್ ಕೂಡ ಸವೆಯುತ್ತದೆ, ಅದರ ಸವೆತ ನಿಧಾನ ಮತ್ತು ಕಣ್ಣಿಗೆ ಬೀಳದ್ದು. ತಿಜೋರಿ, ವಿಮೆ, ನಿರ್ವಹಣೆಗಳ ಖರ್ಚನ್ನು ಫಂಡು ತನ್ನಲ್ಲಿರುವ ಚಿನ್ನದಿಂದಲೇ ತೀರಿಸುತ್ತದೆ. ವರ್ಷಕ್ಕೆ ಶೇ. 0.7 ಖರ್ಚು ಎಂದರೆ ಪ್ರತಿ ಯೂನಿಟ್ಟಿನ ಹಿಂದಿರುವ ಚಿನ್ನ ವರ್ಷಕ್ಕೆ ಅಷ್ಟು ಕಡಿಮೆಯಾಗುತ್ತದೆ. ಯೂನಿಟ್ಟುಗಳ ಸಂಖ್ಯೆ ಇದ್ದಷ್ಟೇ ಇರುವುದರಿಂದ ಇದು ಯಾರಿಗೂ ಕಾಣುವುದಿಲ್ಲ. ಹತ್ತು ವರ್ಷದಲ್ಲಿ 9.98 ಗ್ರಾಂ 9.30 ಆಗುತ್ತದೆ. ಇಪ್ಪತ್ತು ವರ್ಷದಲ್ಲಿ 8.67.

ಆ ಅಂಕಿಯನ್ನು ಮತ್ತೊಮ್ಮೆ ನೋಡಬೇಕು. ಮೊದಲ ದಿನ ಸರದೊಳಗೆ ಇದ್ದದ್ದೂ 8.67 ಗ್ರಾಮೇ. ಸರ ಬಾಗಿಲಲ್ಲೇ ಕಳೆದುಕೊಂಡದ್ದನ್ನು ಇಟಿಎಫ್ ಇಪ್ಪತ್ತು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಕಳೆದುಕೊಂಡಿತು. ನಾಣ್ಯದ ಜೊತೆ ಹೋಲಿಸಿದರೆ ಸುಮಾರು ಒಂಬತ್ತೂವರೆ ವರ್ಷಕ್ಕೆ ಇಟಿಎಫ್ ಮತ್ತು ನಾಣ್ಯದ ಗ್ರಾಂ ಸಮವಾಗುತ್ತವೆ. ನಾಣ್ಯ ಮಾರುವಾಗಿನ ಶೇ. 2 ಕಳೆತವನ್ನೂ ಸೇರಿಸಿದರೆ ಹನ್ನೆರಡು ವರ್ಷ ದಾಟಬೇಕು.

ಹಾಗಾದರೆ ಹದಿನೈದು ಇಪ್ಪತ್ತು ವರ್ಷ ಇಡುವವರಿಗೆ ನಾಣ್ಯವೇ ಲೇಸೇ? ಅದನ್ನು ಎಲ್ಲಿ ಇಡುತ್ತಾರೆ ಎಂಬುದರ ಮೇಲಿದೆ. ಲಾಕರಿಗೆ ವರ್ಷಕ್ಕೆ 2,000 ರೂಪಾಯಿ ಬಾಡಿಗೆ ಎಂದುಕೊಂಡರೆ, ಒಂದು ಲಕ್ಷದ ನಾಣ್ಯಕ್ಕೆ ಅದು ವರ್ಷಕ್ಕೆ ಶೇ. 2, ಅಂದರೆ ಇಟಿಎಫ್ ಖರ್ಚಿನ ಮೂರು ಪಟ್ಟು. ಐದು ಲಕ್ಷದ ನಾಣ್ಯಗಳಿಗೆ ಅದೇ ಬಾಡಿಗೆ ಶೇ. 0.4. ಒಡವೆ ಇಡಲು ಹೇಗೂ ಲಾಕರ್ ಇರುವ ಮನೆಗೆ ನಾಣ್ಯದಿಂದ ಹೆಚ್ಚುವರಿ ಖರ್ಚೇ ಇಲ್ಲ. ಬೀರುವಿನಲ್ಲಿ ಇಡುವವರಿಗೆ ಬಾಡಿಗೆ ಇಲ್ಲ, ಕಳ್ಳರ ಭಯವಿದೆ.

ಇಟಿಎಫ್ ಆರಿಸುವವರು ನೋಡಬೇಕಾದದ್ದೂ ಈ ವಾರ್ಷಿಕ ಖರ್ಚನ್ನೇ. ಎಲ್ಲ ಗೋಲ್ಡ್ ಇಟಿಎಫ್‌ಗಳ ಸರಕು ಒಂದೇ ಆದ್ದರಿಂದ ಶೇ. 0.4 ಕೇಳುವುದಕ್ಕೂ 0.8 ಕೇಳುವುದಕ್ಕೂ ಇಪ್ಪತ್ತು ವರ್ಷದಲ್ಲಿ ಬೀಳುವ ಅಂತರ ನಿವ್ವಳ ನಷ್ಟ: ಮೊದಲನೆಯದರಲ್ಲಿ ಹತ್ತು ಗ್ರಾಂ 9.23 ಆಗಿರುತ್ತದೆ, ಎರಡನೆಯದರಲ್ಲಿ 8.52. ಎರಡನೆಯ ಪರೀಕ್ಷೆ ವಹಿವಾಟಿನದು. ದಿನಕ್ಕೆ ಕೆಲವೇ ಯೂನಿಟ್ ಕೈಬದಲಾಗುವ ಫಂಡಿನಲ್ಲಿ ಕೊಳ್ಳುವ ದರ ಅದರೊಳಗಿನ ಚಿನ್ನದ ನಿಜಬೆಲೆಗಿಂತ ಶೇ. 1 ಅಥವಾ 2 ಮೇಲಿರಬಹುದು, ಮಾರುವ ದರ ಅಷ್ಟೇ ಕೆಳಗಿರಬಹುದು. ಫಂಡಿನ ವೆಬ್‌ಸೈಟಿನಲ್ಲಿ ಪೇಟೆಯ ಹೊತ್ತಿನಲ್ಲಿ ಆಗಾಗ ತೋರಿಸುವ iNAV ಎಂಬ ಅಂಕಿಯೇ ಆ ನಿಜಬೆಲೆಯ ಅಂದಾಜು. ಪೇಟೆಯ ದರವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಮೋಸ ಹೋಗುವುದಿಲ್ಲ. ಡಿಮ್ಯಾಟ್ ಖಾತೆ ಬೇಡವೆನ್ನುವವರಿಗೆ ಗೋಲ್ಡ್ ಫಂಡುಗಳಿವೆ, ತಿಂಗಳ ಕಂತಿನಲ್ಲೂ ಕಟ್ಟಬಹುದು. ಅವು ಕೊನೆಗೆ ಇಟಿಎಫ್ ಯೂನಿಟ್ಟುಗಳನ್ನೇ ಕೊಳ್ಳುವುದರಿಂದ ಖರ್ಚು ಎರಡು ಪದರ.

ಬಡ್ಡಿ ಕೊಟ್ಟ ಚಿನ್ನ

ಈ ಮೂರೂ ರೂಪಗಳಲ್ಲಿ ಚಿನ್ನ ಒಂದಲ್ಲ ಒಂದು ಕಡೆ ಸವೆಯುತ್ತದೆ. ಬೆಳೆದ ಒಂದು ರೂಪವೂ ಇತ್ತು. 2015ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರತಂದ ಸಾವರಿನ್ ಗೋಲ್ಡ್ ಬಾಂಡ್ ಅದು. ಮೊದಲ ಕಂತಿನಲ್ಲಿ ಒಂದು ಗ್ರಾಮಿನ ಬಾಂಡಿಗೆ 2,684 ರೂಪಾಯಿ. ಅವಧಿ ಎಂಟು ವರ್ಷ, ಕೊಟ್ಟ ಹಣದ ಮೇಲೆ ವರ್ಷಕ್ಕೆ ಶೇ. 2.75 ಬಡ್ಡಿ. 2023ರ ನವೆಂಬರ್ 30ರಂದು ಅದೇ ಬಾಂಡಿಗೆ ಸರ್ಕಾರ 6,132 ರೂಪಾಯಿ ಕೊಟ್ಟಿತು. ಎಂಟು ವರ್ಷದ ಬಡ್ಡಿ ಸುಮಾರು 590 ರೂಪಾಯಿ ಬೇರೆ. ಬಡ್ಡಿಗೆ ತೆರಿಗೆ ಇತ್ತು, ಬೆಲೆ ಏರಿಕೆಯ ಲಾಭಕ್ಕೆ ಇರಲಿಲ್ಲ. ಮಜೂರಿ ಇಲ್ಲ, ಲಾಕರ್ ಇಲ್ಲ, ವಾರ್ಷಿಕ ಖರ್ಚೂ ಇಲ್ಲ. ಮನೆಯ ಉಳಿತಾಯಕ್ಕೆ ಇದಕ್ಕಿಂತ ಅಗ್ಗದ ಚಿನ್ನ ಭಾರತದಲ್ಲಿ ಬಂದಿರಲಿಲ್ಲ.

ಕೊಳ್ಳುವವರಿಗೆ ಅಗ್ಗವಾದದ್ದು ಸರ್ಕಾರಕ್ಕೆ ದುಬಾರಿಯಾಯಿತು. ಬಾಂಡಿನ ಹಿಂದೆ ತಿಜೋರಿಯಲ್ಲಿ ಚಿನ್ನ ಇಟ್ಟಿರಲಿಲ್ಲ; ಅದು ಚಿನ್ನದ ಬೆಲೆಗೆ ಕಟ್ಟುಬಿದ್ದ ಸಾಲ. ಬೆಲೆ ಏರಿದಷ್ಟೂ ತೀರಿಸಬೇಕಾದ ಮೊತ್ತ ಏರಿತು. 2024ರ ಫೆಬ್ರುವರಿಯಲ್ಲಿ ಗ್ರಾಮಿಗೆ 6,263 ರೂಪಾಯಿಯ ಕಂತಿನ ನಂತರ ಹೊಸ ಬಾಂಡ್ ಬಂದಿಲ್ಲ. ಹಳೆಯವು ಷೇರುಪೇಟೆಯಲ್ಲಿ ಸಿಗುತ್ತವೆ. ಆದರೆ ವಹಿವಾಟು ತೆಳು, ಕೆಲವು ಕಂತುಗಳು ಚಿನ್ನದ ನಿಜಬೆಲೆಗಿಂತ ಮೇಲೆ ಮಾರಾಟವಾಗುತ್ತವೆ. ಬೇರೆಯವರಿಂದ ಕೊಂಡವರಿಗೆ ತೆರಿಗೆ ವಿನಾಯಿತಿ ಉಂಟೇ ಇಲ್ಲವೇ ಎಂಬುದನ್ನು ಲೆಕ್ಕಪರಿಶೋಧಕರ ಬಳಿ ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ಮೊದಲೇ ಸರ್ಕಾರದಿಂದ ನೇರವಾಗಿ ಕೊಂಡವರು ಮಾತ್ರ ಅವಧಿ ಮುಗಿಯುವವರೆಗೆ ಕೈಬಿಡದಿರುವುದು ಜಾಣತನ.

ಮೊಬೈಲಿನಲ್ಲಿ ಹತ್ತು ರೂಪಾಯಿಗೂ ಸಿಗುವ ‘ಡಿಜಿಟಲ್ ಗೋಲ್ಡ್’ ಅನ್ನು ಇದರ ಬದಲಿ ಎಂದು ತಿಳಿದವರಿದ್ದಾರೆ. ಕೊಳ್ಳುವಾಗ ಶೇ. 3 ಜಿಎಸ್‌ಟಿ ಇದೆ, ಕೊಳ್ಳುವ ಮತ್ತು ಮಾರುವ ದರಗಳ ನಡುವೆ ಅಂತರವೂ ಇದೆ. ಅದಕ್ಕಿಂತ ಮುಖ್ಯವಾಗಿ, ಇದು ತನ್ನ ಉಸ್ತುವಾರಿಯಲ್ಲಿಲ್ಲ, ಏನಾದರೂ ತೊಂದರೆಯಾದರೆ ಹೂಡಿಕೆದಾರರಿಗೆ ತನ್ನ ರಕ್ಷಣೆ ಸಿಗದು ಎಂದು ಸೆಬಿ 2025ರ ನವೆಂಬರಿನಲ್ಲಿ ಎಚ್ಚರಿಸಿದೆ. ಇಟಿಎಫ್ ಇರುವಾಗ ಇದರ ಹಾದಿ ಹಿಡಿಯಲು ಕಾರಣವಿಲ್ಲ.

ಗಿರವಿಯ ಬಲ

ಒಡವೆಯ ಪರವಾಗಿ ಹೇಳಬೇಕಾದ ಒಂದು ಗಟ್ಟಿ ಮಾತಿದೆ. ಹಣಕಾಸಿನ ಲೇಖನಗಳು ಅದನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ದಾಟಿಸಿಬಿಡುತ್ತವೆ.

ರಾತ್ರಿ ಆಸ್ಪತ್ರೆಗೆ ಸೇರಿಸಿ, ಬೆಳಿಗ್ಗೆ ಎರಡು ಲಕ್ಷ ಕಟ್ಟಬೇಕಾದ ಮನೆಗೆ ಬಳೆ ಆಸರೆಯಾಗುತ್ತದೆ. ಬ್ಯಾಂಕಿಗೋ ಸಹಕಾರ ಸಂಘಕ್ಕೋ ಒಯ್ದರೆ ಒಂದೆರಡು ಗಂಟೆಯಲ್ಲಿ ಹಣ ಬರುತ್ತದೆ, ಸಂಬಳದ ಚೀಟಿ ಕೇಳುವವರಿಲ್ಲ. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಸ್ವಂತ ಖರ್ಚಿಗೆ ತೆಗೆದುಕೊಳ್ಳುವ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ. 85ರವರೆಗೆ ಕೊಡಬಹುದು; ಐದು ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75. ಲೆಕ್ಕಕ್ಕೆ ಹಿಡಿಯುವುದು ಒಳಗಿನ ಚಿನ್ನವನ್ನು ಮಾತ್ರ. ಮಜೂರಿಗೆ, ಹರಳಿಗೆ ಬೆಲೆಯಿಲ್ಲ.

ಅದೇ ನಿಯಮಗಳು ಗಟ್ಟಿ ಚಿನ್ನದ ಮೇಲಾಗಲಿ, ಗೋಲ್ಡ್ ಇಟಿಎಫ್ ಅಥವಾ ಗೋಲ್ಡ್ ಫಂಡಿನ ಯೂನಿಟ್ಟುಗಳ ಮೇಲಾಗಲಿ ಸಾಲ ಕೊಡಕೂಡದು ಎನ್ನುತ್ತವೆ. ಚಿನ್ನದ ನಾಣ್ಯಗಳನ್ನು ಒಬ್ಬರಿಗೆ 50 ಗ್ರಾಮಿನವರೆಗೆ ಮಾತ್ರ ಒಪ್ಪಬಹುದು. ಇಟಿಎಫ್ ಇದ್ದವರು ಕಷ್ಟಕ್ಕೆ ಅದನ್ನು ಮಾರಬೇಕು: ಪೇಟೆ ತೆರೆದಿರಬೇಕು, ಹಣ ಖಾತೆಗೆ ಬರಲು ಒಂದು ಕೆಲಸದ ದಿನ ಕಾಯಬೇಕು, ಲಾಭಕ್ಕೆ ತೆರಿಗೆ ಕಟ್ಟಬೇಕು. ಗಿರವಿ ಇಟ್ಟವರು ಸಾಲ ತೀರಿಸಿ ಅದೇ ಬಳೆಯನ್ನು ಮನೆಗೆ ತರುತ್ತಾರೆ. ತೀರಿಸಲಾಗದೆ ಹರಾಜಿಗೆ ಹೋದರೆ ಮಾತ್ರ ಎಲ್ಲ ಲೆಕ್ಕವೂ ತಲೆಕೆಳಗು.

ಮನೆಯಲ್ಲಿ ತಕ್ಕಮಟ್ಟಿಗೆ ಒಡವೆ ಇರುವುದು ಉಳಿತಾಯದ ಲೆಕ್ಕದಲ್ಲೂ ಸರಿಯೇ. ಅದು ಬೆಳೆಯಲೆಂದು ಇಟ್ಟ ಹಣವಲ್ಲ, ಆಪತ್ತಿಗೆ ಇಟ್ಟದ್ದು. ಆಪತ್ತಿಗೆ ಇಡುವ ಒಡವೆ ಸಾದಾ ಇರಬೇಕು. ಬಳೆ, ಗುಂಡಿನ ಸರ, ಕಾಸಿನ ಸರ: ಹರಳಿಲ್ಲ, ಅರಗು ತುಂಬಿಲ್ಲ, ಮಜೂರಿ ಕಡಿಮೆ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಒಡವೆಯ ಮೇಲೆ ಬಿಐಎಸ್ ಚಿಹ್ನೆ, ‘22K916’ ಎಂಬಂಥ ಶುದ್ಧತೆಯ ಗುರುತು ಮತ್ತು ಅಕ್ಷರ ಅಂಕಿ ಬೆರೆತ ಆರು ಸ್ಥಾನದ HUID ಇರಲೇಬೇಕು. ಆ ಸಂಖ್ಯೆಯನ್ನು BIS Care ಆ್ಯಪಿನಲ್ಲಿ ಹಾಕಿದರೆ ಒಡವೆಯ ಬಗೆ ಮತ್ತು ಶುದ್ಧತೆ ತೆರೆಯುತ್ತದೆ. ಕೈಯಲ್ಲಿರುವುದು ಉಂಗುರವಾಗಿ ಆ್ಯಪಿನಲ್ಲಿ ಓಲೆ ಎಂದು ಬಂದರೆ ಅಲ್ಲಿಯೇ ಪ್ರಶ್ನೆ ಕೇಳಬೇಕು. ಬಿಲ್ಲಿನಲ್ಲಿ ಚಿನ್ನದ ತೂಕ, ಹರಳಿನ ತೂಕ, ಮಜೂರಿ ಬೇರೆ ಬೇರೆ ಬರೆಸಬೇಕು. ಹರಳಿನ ತೂಕವೂ ಚಿನ್ನದ ದರದಲ್ಲಿ ಸೇರಿಹೋದ ಬಿಲ್ಲು ಮಾರುವ ದಿನ ಬಯಲಾಗುತ್ತದೆ.

ಬದಲಾಯಿಸುವ ಚಟ

ಒಡವೆಯಲ್ಲಿ ಅತಿ ಹೆಚ್ಚು ಚಿನ್ನ ಸವೆಯುವುದು ತೊಟ್ಟಾಗಲ್ಲ, ‘ಎಕ್ಸ್‌ಚೇಂಜ್’ ಮಾಡಿದಾಗ. ಹಳೆಯ ಚಿನ್ನಕ್ಕೆ ಪೂರ್ತಿ ಬೆಲೆ ಎಂಬ ಬೋರ್ಡು ನೋಡಿ ಹಿಗ್ಗುವವರು ಹೊಸ ಒಡವೆಗೆ ಮತ್ತೆ ಪೂರ್ತಿ ಮಜೂರಿ, ಪೂರ್ತಿ ಜಿಎಸ್‌ಟಿ ಕಟ್ಟುತ್ತಿದ್ದೇವೆಂಬುದನ್ನು ಮರೆಯುತ್ತಾರೆ. ಒಂದು ರೂಪಾಯಿಯನ್ನೂ ಕಳೆಯದೆ ಅಂಗಡಿಯವನು ಹಳೆಯ ಸರವನ್ನು ತೆಗೆದುಕೊಂಡನೆಂದೇ ಇಟ್ಟುಕೊಳ್ಳೋಣ. 8.67 ಗ್ರಾಂ ಅಪರಂಜಿಯ ಸರ ಕೊಟ್ಟು, ಕೈಯಿಂದ ಹಣ ಸೇರಿಸದೆ ಹೊಸತು ತಂದರೆ ಅದರಲ್ಲಿ ಇರುವುದು 7.51 ಗ್ರಾಂ. ಕೆಲವು ವರ್ಷದ ಮೇಲೆ ಇನ್ನೊಮ್ಮೆ ಬದಲಾಯಿಸಿದರೆ 6.51. ಒಂದು ಲಕ್ಷಕ್ಕೆ ಬರಬೇಕಿದ್ದ ಹತ್ತು ಗ್ರಾಮಿನಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮೊದಲ ಖರೀದಿ ಮತ್ತು ಎರಡೇ ಬದಲಾವಣೆಯಲ್ಲಿ ಕರಗಿತು.

ದಾವಣಗೆರೆಯ ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಗಂಡ ಹೆಂಡತಿ ಇಬ್ಬರೂ ಮೇಷ್ಟ್ರು, ಮಗಳಿಗೆ ಎಂಟು ವರ್ಷ. ಹದಿನೈದು ವರ್ಷದ ಮೇಲೆ ಮದುವೆ ಎಂದು ಅಂದಾಜು. ಪ್ರತಿ ವರ್ಷ 4 ಗ್ರಾಮಿನ ಒಡವೆ ಕೊಳ್ಳುವಷ್ಟು ಹಣ ಎತ್ತಿಡುತ್ತಾರೆ.

ಮೊದಲ ದಾರಿ ನಮ್ಮ ಬಹುತೇಕ ಮನೆಗಳದು: ಅಕ್ಷಯ ತೃತೀಯಕ್ಕೊಂದು ಉಂಗುರ, ಇನ್ನೊಂದು ವರ್ಷ ಜುಮುಕಿ, ಮತ್ತೊಂದು ವರ್ಷ ಎಳೆ ಸರ. ಹದಿನೈದು ವರ್ಷಕ್ಕೆ 60 ಗ್ರಾಂ ಚಿಲ್ಲರೆ ಒಡವೆ ಸೇರುತ್ತದೆ. ಮದುವೆಯ ಹೊತ್ತಿಗೆ ಮಗಳಿಗೆ ಅವು ಹಳೆಯವೆನಿಸಿ ಎಲ್ಲವನ್ನೂ ಕೊಟ್ಟು ಹೊಸ ಸೆಟ್ ಮಾಡಿಸಿದರೆ 52 ಗ್ರಾಂ ಸಿಗುತ್ತದೆ. ಎರಡನೆಯ ದಾರಿಯಲ್ಲಿ ಅದೇ ಹಣ ವರ್ಷ ವರ್ಷ ನಾಣ್ಯವಾಗುತ್ತದೆ. ಮದುವೆಗೆ ಶೇ. 2 ಕಳೆತ ಬಿಟ್ಟು ಒಡವೆ ಮಾಡಿಸಿದರೆ ಸುಮಾರು 55 ಗ್ರಾಂ. ಮೂರನೆಯದು ಶೇ. 0.7 ಖರ್ಚಿನ ಇಟಿಎಫ್: ವರ್ಷ ವರ್ಷ ಸವೆದೂ ಕೊನೆಗೆ 56.6 ಗ್ರಾಮಿನ ಒಡವೆ ಬರುತ್ತದೆ. ಇವೆಲ್ಲ ತೆರಿಗೆಗೆ ಮುಂಚಿನ ಅಂಕಿಗಳು. ಇಟಿಎಫ್ ಒಂದು ವರ್ಷ ದಾಟಿದ ಮೇಲೆ, ಒಡವೆ ಮತ್ತು ನಾಣ್ಯ ಎರಡು ವರ್ಷ ದಾಟಿದ ಮೇಲೆ ಮಾರಿದರೆ ಲಾಭಕ್ಕೆ ಶೇ. 12.5 ತೆರಿಗೆ ಇದೆ, ಸೆಸ್ ಬೇರೆ. ಹಳೆಯ ಒಡವೆ ಕೊಟ್ಟು ಹೊಸತು ತರುವುದೂ ಕಾನೂನಿನ ದೃಷ್ಟಿಯಲ್ಲಿ ಮಾರಾಟವೇ ಆದ್ದರಿಂದ ಯಾವ ದಾರಿಗೂ ಅದರಿಂದ ವಿನಾಯಿತಿ ಇಲ್ಲ.

ಅಂದರೆ ಬದಲಾಯಿಸುವುದು ಖಚಿತವಿದ್ದರೆ ಒಡವೆಯ ದಾರಿಯೇ ಎಲ್ಲಕ್ಕಿಂತ ದುಬಾರಿ. ನಾಲ್ಕೂವರೆ ಗ್ರಾಂ ಎಂದರೆ ಇವತ್ತಿನ ಬೆಲೆಯಲ್ಲಿ ಮೇಷ್ಟ್ರ ಮನೆಗೆ ಸಣ್ಣ ಮೊತ್ತವಲ್ಲ. ನಾಣ್ಯಕ್ಕೂ ಇಟಿಎಫ್‌ಗೂ ಇರುವ ಅಂತರ ಮಾತ್ರ ಅಷ್ಟು ದೊಡ್ಡದಲ್ಲ. ಲಾಕರ್ ಇರುವವರು, ಡಿಮ್ಯಾಟ್ ಒಗ್ಗದವರು ನಾಣ್ಯವನ್ನೇ ಹಿಡಿದರೂ ಹೆಚ್ಚು ಕಳೆದುಕೊಳ್ಳುವುದಿಲ್ಲ. ಇಟಿಎಫ್ ಹಿಡಿದವರು ಡಿಮ್ಯಾಟ್ ಖಾತೆಗೆ ನಾಮಿನಿ ಹಾಕಿಸಿ ಮನೆಯವರಿಗೆ ತಿಳಿಸಿರಬೇಕು. ಪೆಟ್ಟಿಗೆಯಲ್ಲಿರುವ ಸರ ಯಾರಿಗಾದರೂ ಸಿಗುತ್ತದೆ, ಗೊತ್ತಿಲ್ಲದ ಖಾತೆಯನ್ನು ಹುಡುಕುವುದು ಕಷ್ಟ.

ಈ ಲೆಕ್ಕದಲ್ಲಿ ಇನ್ನೊಂದು ಸಾಲು ಉಳಿದಿದೆ. ಮೊದಲ ದಾರಿಯ 60 ಗ್ರಾಮನ್ನು ಮಗಳು ಬದಲಾಯಿಸದೆ ಹಾಗೆಯೇ ತೊಟ್ಟರೆ? ಆಗ 60 ಗ್ರಾಂ ಅರವತ್ತೇ. ಇಟಿಎಫ್‌ನ 56.6ಕ್ಕಿಂತ, ನಾಣ್ಯದ 55ಕ್ಕಿಂತ ಅದೇ ಹೆಚ್ಚು. ಮಜೂರಿ ಒಮ್ಮೆ ಕೊಟ್ಟದ್ದು ಒಮ್ಮೆಗೇ ಮುಗಿಯಿತು, ವಾರ್ಷಿಕ ಖರ್ಚೆಂಬುದು ಇಲ್ಲವೇ ಇಲ್ಲ, ಮಾರದಿದ್ದುದರಿಂದ ತೆರಿಗೆಯೂ ಇಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಹಾಗೆಯೇ ಇಳಿದು ಬಂದ ಕಾಸಿನ ಸರದ ಲೆಕ್ಕ ಇಂಥದ್ದು.

ಆದ್ದರಿಂದ ದಾವಣಗೆರೆಯ ಆ ದಂಪತಿ ಅಂಗಡಿಗೆ ಹೋಗುವ ಮೊದಲು ಎರಡು ಪಟ್ಟಿ ಬರೆಯಬಹುದು. ಮಗಳು ಯಾವ ಕಾಲಕ್ಕೂ ತೊಡಬಲ್ಲ, ಆಪತ್ತಿಗೆ ಗಿರವಿ ಇಡಬಲ್ಲ ಸಾದಾ ಒಡವೆಗಳು ಒಂದರಲ್ಲಿ: ನಾಲ್ಕು ಬಳೆ, ಒಂದು ಕಾಸಿನ ಸರ. ಅವನ್ನು ಈಗಲೇ ಮಾಡಿಸಿದರೂ ಚಿಂತೆಯಿಲ್ಲ. ಜುಮುಕಿ, ನೆಕ್ಲೆಸ್, ಫ್ಯಾಷನ್ ಬದಲಾದ ಕೂಡಲೇ ಹಳತಾಗುವ ಎಲ್ಲವೂ ಇನ್ನೊಂದರಲ್ಲಿ. ಆ ಪಟ್ಟಿಯ ಹಣ ಹದಿನೈದು ವರ್ಷ ಇಟಿಎಫ್‌ನಲ್ಲೋ ನಾಣ್ಯದಲ್ಲೋ ಇರಲಿ. ಮಗಳಿಗೆ ಇಪ್ಪತ್ತಮೂರಾದಾಗ ಅವಳೇ ಅಂಗಡಿಗೆ ಬಂದು, ತನಗೆ ಬೇಕಾದ ಜುಮುಕಿ ಆರಿಸಿಕೊಂಡು, ಆ ದಿನ ಮೊದಲ ಸಲ ಮಜೂರಿ ಕೊಡಲಿ.